ಅಪ್ಪನಿಗೆ ಸ್ಟ್ರೋಕ್: ಹೋಮ್ ನರ್ಸ್ ಇಟ್ಟುಕೊಳ್ಳುವುದಾ, ನಾನೇ ಕೆಲಸ ಬಿಡುವುದಾ?

ಕಾಪು ನಿವಾಸಿ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 69 ವರ್ಷ. ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದಿದೆ. ಆಸ್ಪತ್ರೆಯಿಂದ ಮನೆಗೆ ಬಂದು ಏಳು ವಾರ ಆಯಿತು. ಮಾತು ಸ್ವಲ್ಪ ತೊದಲುತ್ತದೆ, ಬುದ್ಧಿ ಸರಿ ಉಂಟು. ಎತ್ತಿ ಕೂರಿಸಿದರೆ ಕೂರುತ್ತಾರೆ, ತಾವಾಗಿ ಮಗ್ಗುಲು ಬದಲಿಸಲು ಆಗುವುದಿಲ್ಲ. ಅಮ್ಮನಿಗೆ ಮಂಡಿನೋವು, ಅಪ್ಪನ ತೂಕ 70 ಕಿಲೋ. ಹಾಗಾಗಿ ಹಗಲು ರಾತ್ರಿ ಮನೆಯಲ್ಲೇ ಇರುವ ಹೋಮ್ ನರ್ಸ್ ಇಟ್ಟಿದ್ದೇವೆ. ನಾನು ಮಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ವಿಭಾಗದಲ್ಲಿದ್ದೇನೆ, ಕಾಪುವಿನಿಂದ ದಿನಾ ಬಸ್ಸು. ಎಂಟು ವರ್ಷ ಆಯಿತು.

ತಿಂಗಳ ಖರ್ಚು ಹೀಗಿದೆ. ಹೋಮ್ ನರ್ಸ್‌ಗೆ 24,000, ಅವರ ಊಟ ತಿಂಡಿಗೆ ಸುಮಾರು 3,500. ಫಿಸಿಯೊ ಮನೆಗೆ ಬರುತ್ತಾರೆ, ಒಂದು ಸಲಕ್ಕೆ 500ರಂತೆ ಇಪ್ಪತ್ತು ಸಲ ಅಂದರೆ 10,000. ಮದ್ದು 4,200. ಡಯಾಪರ್, ಪೌಡರ್, ಹತ್ತಿ ಎಲ್ಲಾ ಸೇರಿ 4,000. ಡಾಕ್ಟರ್ ಹತ್ತಿರ ಹೋಗಿಬರಲು, ರಕ್ತ ಪರೀಕ್ಷೆಗೆ 2,000. ಒಟ್ಟು 47,700.

ಮಸ್ಕತ್‌ನಲ್ಲಿರುವ ಅಣ್ಣ 15,000 ಕಳಿಸುತ್ತಾನೆ. ಅಪ್ಪನ ಪಿಎಫ್ ಪಿಂಚಣಿ 2,300. ಉಳಿದ 30,400 ನನ್ನ ಸಂಬಳದಿಂದ. ನನ್ನ ಕೈಗೆ ಬರುವುದು 38,500. ಅಣ್ಣ ಹೇಳುತ್ತಾನೆ, "ನೀನು ಎಂಟು ಸಾವಿರಕ್ಕೋಸ್ಕರ ದಿನಾ ಮಂಗಳೂರಿಗೆ ಹೋಗಿ ಬರುತ್ತಿದ್ದಿ. ಕೆಲಸ ಬಿಟ್ಟು ಅಪ್ಪನನ್ನು ನೋಡಿಕೋ, ನರ್ಸಿನ ಹಣ ಉಳಿಯುತ್ತದೆ." ಲೆಕ್ಕ ನೋಡಿದರೆ ಅವನ ಮಾತು ಸರಿ ಅನ್ನಿಸುತ್ತದೆ. ಆದರೂ ಮನಸ್ಸು ಒಪ್ಪುವುದಿಲ್ಲ. ನನ್ನವರ ಸಂಬಳ ಮನೆ ಸಾಲಕ್ಕೆ, ಮಕ್ಕಳ ಶಾಲೆಗೆ ಸರಿಹೋಗುತ್ತದೆ. ತಿಳಿದವರು ಹೇಳಿ.

ಬಂಟ್ವಾಳದ ಭಟ್ರು
ಆಯುಷ್ಮಾನ್ ಕಾರ್ಡ್ ಮಾಡಿಸಿ ಮಾರಾಯ್ರೆ. ಐದು ಲಕ್ಷದವರೆಗೆ ಎಲ್ಲಾ ಫ್ರೀ. ಇಷ್ಟು ತಲೆಬಿಸಿ ಯಾಕೆ?

ವಾರ್ಡ್ ಸಿಸ್ಟರ್
ಭಟ್ರೇ, ಅದು ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಸಿಗುವ ಹಣ. ಮನೆಯ ನರ್ಸ್, ಡಯಾಪರ್, ತಿಂಗಳ ಮದ್ದು ಇದಕ್ಕೆಲ್ಲ ಒಂದು ಪೈಸೆ ಬರುವುದಿಲ್ಲ. ಅಡ್ಮಿಟ್ ಆದಾಗಲೂ ಎಲ್ಲರಿಗೂ ಐದು ಲಕ್ಷ ಇಲ್ಲ. ನಮ್ಮ ರಾಜ್ಯದಲ್ಲಿ ಆ ಐದು ಲಕ್ಷ ಬಿಪಿಎಲ್ ಕಾರ್ಡಿನವರಿಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಎಪ್ಪತ್ತು ದಾಟಿದವರಿಗೆ ಕೇಂದ್ರ ಬೇರೆ ಕಾರ್ಡ್ ತಂದಿದೆ, ಇವರ ಅಪ್ಪನಿಗೆ ಇನ್ನೂ 69. ಕಾರ್ಡ್ ಇರಲಿ, ಬೇಡ ಎಂದಲ್ಲ. ಆದರೆ ಇವರು ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ.

ಕಾಪು ಅವರೇ, ನಾನು ಮಣಿಪಾಲದಲ್ಲಿ ವಾರ್ಡ್ ನೋಡಿಕೊಂಡು ನಿವೃತ್ತಿ ಆದವಳು. ಸ್ಟ್ರೋಕ್ ಆದವರನ್ನು ಮನೆಗೆ ಕಳಿಸುವಾಗ ಮನೆಯವರಿಗೆ ಹೇಳಿಕೊಡುತ್ತಿದ್ದೆ. ಎರಡು ವಿಷಯ ಕೇಳುತ್ತೇನೆ. 4,200ರ ಮದ್ದಿನಲ್ಲಿ ಏನೇನು ಉಂಟು? ನಿಮ್ಮ ನರ್ಸ್ ಕಲಿತು ಬಂದ ನರ್ಸಾ, ಅಥವಾ ಆರೈಕೆ ಮಾಡುವ ಹುಡುಗಿಯಾ?

ಕಾಪು ನಿವಾಸಿ
ಸಿಸ್ಟರ್, ರಕ್ತ ಹೆಪ್ಪುಗಟ್ಟದಂತೆ ಒಂದು, ಕೊಲೆಸ್ಟ್ರಾಲಿಗೆ ಒಂದು, ಬಿಪಿಗೆ ಎರಡು, ಗ್ಯಾಸಿಗೆ ಒಂದು. ಜೊತೆಗೆ ಸಿಟಿಕೋಲಿನ್ ಅಂತ ಮೆದುಳಿಗೆ ಒಂದು ಮಾತ್ರೆ, ಅದಕ್ಕೇ ಜಾಸ್ತಿ ದುಡ್ಡು. ವಿಟಮಿನ್, ಪ್ರೋಟೀನ್ ಪುಡಿ ಬೇರೆ. ಹುಡುಗಿ ಕೋರ್ಸ್ ಮಾಡಿದವಳಲ್ಲ. ಕೆಲಸ ಮಾಡಿ ಮಾಡಿ ಕಲಿತವಳು, ಒಳ್ಳೆಯವಳು.

ಪಿ. ಎಂ. ಸುರತ್ಕಲ್
ನಮ್ಮ ಅಮ್ಮನಿಗೆ ಕ್ಯಾನ್ಸರ್ ಆಗಿತ್ತು. ಕೀಮೋಗೆ ವೆನ್ಲಾಕ್‌ನಲ್ಲಿ ಕೇಳಿ, ಖಾಸಗಿಗೆ ಹೋಗಬೇಡಿ. ನಾವು ಚಿನ್ನ ಅಡವಿಟ್ಟಿದ್ದೆವು. ಅಮ್ಮನನ್ನು ಆಶ್ರಮಕ್ಕೆ ಹಾಕಿ ಎಂದವರೂ ಇದ್ದರು. ದಯವಿಟ್ಟು ಅಪ್ಪನನ್ನು ಆಶ್ರಮಕ್ಕೆ ಹಾಕಬೇಡಿ.

ಕಾಪು ನಿವಾಸಿ
ಇಲ್ಲ ಅಣ್ಣ, ಆಶ್ರಮದ ಮಾತೇ ಬಂದಿಲ್ಲ ನಮ್ಮಲ್ಲಿ. ಕ್ಯಾನ್ಸರ್ ಕೂಡ ಅಲ್ಲ.

ಲೆಕ್ಕದವ
ನಾನು ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ಮಾಡುವವನು. ಕೆಲಸ ಬಿಡುವವರ ಫೈನಲ್ ಸೆಟಲ್‌ಮೆಂಟ್ ನನ್ನ ಕೈಯಿಂದಲೇ ಹೋಗುವುದು. ನಿಮ್ಮ ಅಣ್ಣನ ಎಂಟು ಸಾವಿರದ ಲೆಕ್ಕ ಕೇಳಲು ಸರಿ ಅನ್ನಿಸುತ್ತದೆ, ಆದರೆ ಪೂರ್ತಿ ಅಲ್ಲ. ನಿಮ್ಮ ಬೇಸಿಕ್ ಎಷ್ಟು? ಪಿಎಫ್ ಪೂರ್ತಿ ಬೇಸಿಕ್ ಮೇಲೆ ಕಟ್ಟುತ್ತಾರಾ? ಅಪ್ಪ ಅಮ್ಮ ಕಂಪನಿಯ ಗ್ರೂಪ್ ಇನ್ಶೂರೆನ್ಸಿನಲ್ಲಿ ಇದ್ದಾರಾ?

ಕಾಪು ನಿವಾಸಿ
ಬೇಸಿಕ್ 25,000. ಪಿಎಫ್ ಅದರ ಮೇಲೇ. ಅಪ್ಪ ಅಮ್ಮ ಗ್ರೂಪ್ ಪಾಲಿಸಿಯಲ್ಲಿ ಇದ್ದಾರೆ, ಮೂರು ಲಕ್ಷ. ಆಸ್ಪತ್ರೆ ಬಿಲ್ಲಿನ ಹೆಚ್ಚು ಭಾಗ ಅದರಲ್ಲೇ ಹೋಯಿತು.

ಲೆಕ್ಕದವ
ಹಾಗಾದರೆ ನೋಡಿ. ನಿಮ್ಮ ಸಂಬಳದಿಂದ ಪಿಎಫ್‌ಗೆ 3,000 ಹೋಗುತ್ತದೆ. ಅದು ಖರ್ಚಲ್ಲ, ನಿಮ್ಮದೇ ಉಳಿತಾಯ. ಕಂಪನಿ ಇನ್ನೊಂದು 3,000 ಹಾಕುತ್ತದೆ, ಅದರಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತದೆ. ಗ್ರಾಚ್ಯುಯಿಟಿ ಒಂದು ವರ್ಷಕ್ಕೆ ಹದಿನೈದು ದಿನದ ಬೇಸಿಕ್, ತಿಂಗಳನ್ನು 26 ದಿನ ಅಂತ ಹಿಡಿಯುತ್ತಾರೆ. ನಿಮಗೆ ವರ್ಷಕ್ಕೆ ಸುಮಾರು 14,400, ಅಂದರೆ ತಿಂಗಳಿಗೆ 1,200. ಕೈಗೆ ಬರುವ 38,500ಕ್ಕೆ ಇದನ್ನೆಲ್ಲ ಸೇರಿಸಿದರೆ 45,700. ಕೆಲಸ ಬಿಟ್ಟರೆ ಹೋಗುವುದು ಇಷ್ಟು. ಉಳಿಯುವುದು ನರ್ಸಿನ 24,000, ಅವಳ ಊಟದ 3,500, ಒಟ್ಟು 27,500. ತಿಂಗಳಿಗೆ 18,200 ನಷ್ಟ.

ಅಣ್ಣನ ಲೆಕ್ಕದಲ್ಲಿ ತಪ್ಪು ಎಲ್ಲಿ ಅಂದರೆ, ಅಪ್ಪನ ಖರ್ಚು ಪೂರ್ತಿ ನಿಮ್ಮ ಸಂಬಳದಿಂದ ಕಳೆದು "ಉಳಿದದ್ದು ಎಂಟು ಸಾವಿರ" ಎನ್ನುತ್ತಾನೆ. ಆದರೆ ಫಿಸಿಯೊ, ಮದ್ದು, ಡಯಾಪರ್, ಡಾಕ್ಟರ್ ಮತ್ತು ರಕ್ತ ಪರೀಕ್ಷೆಯ ಖರ್ಚು ನೀವು ಕೆಲಸ ಬಿಟ್ಟರೂ ಇರುತ್ತದೆ. ಆ 20,200ರಲ್ಲಿ ಅವನ ಹಣ, ಅಪ್ಪನ ಪಿಂಚಣಿ ಕಳೆದರೂ 2,900 ಕಡಿಮೆ ಬೀಳುತ್ತದೆ. ಅದಕ್ಕೂ ನಿಮ್ಮ ಯಜಮಾನರ ಹತ್ತಿರ ಕೈಚಾಚಬೇಕು.

ಇನ್ಶೂರೆನ್ಸ್ ಇನ್ನೂ ದೊಡ್ಡದು. ಕೆಲಸ ಬಿಟ್ಟ ದಿನ ಅಪ್ಪನ ಕವರ್ ಹೋಗುತ್ತದೆ. ಸ್ಟ್ರೋಕ್ ಆದವರಿಗೆ ಹೊಸ ಪಾಲಿಸಿ ಕೊಡಲು ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ಕೊಟ್ಟರೂ ಹಳೆ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೋಗಲು ದಾರಿ ಉಂಟು. ಆದರೆ ಕೆಲಸದ ಕೊನೆಯ ದಿನಕ್ಕೆ ಮೊದಲೇ ಎಚ್‌ಆರ್ ಹತ್ತಿರ ಕೇಳಿ ಬರೆದು ಕೊಡಬೇಕು. ಬಿಟ್ಟ ಮೇಲೆ ನೆನಪಾಗಿ ಫೋನ್ ಮಾಡುವವರೇ ಜಾಸ್ತಿ.

ಕುಂದಾಪ್ರದವ
ಲೆಕ್ಕದವರು ಒಂದು ಮರೆತರು. ದಿನಾ ಬಸ್ಸು, ಮಧ್ಯಾಹ್ನದ ಊಟ, ಆಫೀಸಿಗೆ ಬಟ್ಟೆ, ಇದೆಲ್ಲ ಕೆಲಸ ಬಿಟ್ಟರೆ ಇಲ್ಲ. ನಾನು ಅಮ್ಮನಿಗಾಗಿ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವನು. ಬಾಡಿಗೆ ಉಳಿಯಿತು, ಖರ್ಚು ಅರ್ಧ ಆಯಿತು. ನಷ್ಟ ಅನ್ನಿಸಲಿಲ್ಲ. ಹಣ ಒಂದೇ ಅಲ್ವಲ್ಲ.

ಲೆಕ್ಕದವ
ಸರಿ, ಒಪ್ಪಿದೆ. ಬಸ್ಸು ಊಟಕ್ಕೆ 3,000 ಹಿಡಿಯಿರಿ. ನಷ್ಟ 15,200ಕ್ಕೆ ಇಳಿಯಿತು. ಎರಡು ವರ್ಷಕ್ಕೆ 3,64,800. ನೀವು ಬೆಂಗಳೂರಿನ ಮನೆ ಬಾಡಿಗೆ ಉಳಿಸಿದಿರಿ. ಇವರು ಕಾಪುವಿನಲ್ಲೇ ಇರುವವರು, ಉಳಿಸಲು ಬಾಡಿಗೆ ಇಲ್ಲ. ಅಮ್ಮ ಈಗ ಹೇಗಿದ್ದಾರೆ, ನಿಮಗೆ ಆಮೇಲೆ ಮತ್ತೆ ಕೆಲಸ ಸಿಕ್ಕಿತಾ?

ಕುಂದಾಪ್ರದವ
ಅಮ್ಮ ಈಗ ಇಲ್ಲ. ಕೆಲಸ ಸಿಕ್ಕಿತು, ಹಳೆ ಸಂಬಳಕ್ಕಿಂತ ಕಡಿಮೆಗೆ. ಆದರೂ ಬಿಟ್ಟದ್ದು ತಪ್ಪು ಎಂದು ನಾನು ಹೇಳುವುದಿಲ್ಲ.

ಬಾದಾಮಿ ಕಡೆಯವಳು
ನಾನು ಹೋಮ್ ನರ್ಸ್ ಕೆಲಸ ಮಾಡುವಾಕಿ ರೀ. ಉಡುಪಿ, ಮಂಗಳೂರು ಮನೆಗಳಲ್ಲಿ ಇದ್ದೇನೆ. ಅಕ್ಕಾ, ನಿಮ್ಮ ಲೆಕ್ಕದಲ್ಲಿ ಒಂದು ಖರ್ಚು ಬಿಟ್ಟಿದೆ. ನರ್ಸ್ ಇಲ್ಲದ ದಿನ ಯಾರು?

ಹಗಲು ರಾತ್ರಿ ಮನೆಯಲ್ಲಿ ಇರುತ್ತೇವೆ ಅಂದರೆ ಇಪ್ಪತ್ತನಾಲ್ಕು ತಾಸು ಎಚ್ಚರ ಇರುತ್ತೇವೆ ಅಂತ ಅಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಕೂಡ. ನಾನು ಒಬ್ಬಳೇ ಹೀಗೆ ಮಾಡಿದರೆ ಹದಿನೈದು ದಿನಕ್ಕೆ ಬೀಳುತ್ತೇನೆ. ಬಿದ್ದಾಗ ಹೇಳದೆ ಊರಿಗೆ ಹೋಗುವವರು ಇದ್ದಾರೆ, ಅವರನ್ನು ಬೈಯುವುದು ಸುಲಭ. ನಮಗೆ ರಾತ್ರಿ ಒಟ್ಟು ಆರು ತಾಸು ನಿದ್ದೆ ಬೇಕು, ತಿಂಗಳಿಗೆ ಎರಡು ದಿನ ರಜೆ ಬೇಕು. ಯುಗಾದಿ, ಜಾತ್ರೆಗೆ ಊರಿಗೆ ಹೋಗುತ್ತೇವೆ. ಆ ದಿನಗಳಿಗೆ ಬದಲಿ ಆಳು ದಿನಕ್ಕೆ ಸಾವಿರದ ಹತ್ತಿರ ಕೇಳುತ್ತದೆ, ಹಬ್ಬದಲ್ಲಿ ಅದಕ್ಕೂ ಸಿಗುವುದಿಲ್ಲ. ಏಜೆನ್ಸಿಯವರು ಬದಲಿ ಕಳಿಸಲು ಮೂರು ನಾಲ್ಕು ದಿನ ಮಾಡುತ್ತಾರೆ. ಕೆಲಸಕ್ಕೆ ಸೇರುವಾಗಲೇ ರಜೆ ಯಾವಾಗ, ಬದಲಿ ಯಾರು, ದುಡ್ಡು ಯಾರ ಕೈಗೆ ಅಂತ ಬರೆಸಿಕೊಳ್ಳಿ. ನೀವು ಕೊಡುವ 24 ಸಾವಿರ ಪೂರ್ತಿ ಅವಳಿಗೆ ಹೋಗುವುದಿಲ್ಲ, ಅದೂ ಗೊತ್ತಿರಲಿ.

ಕಾಪು ನಿವಾಸಿ
ತಂಗಿ, ಇದನ್ನು ಯಾರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಅವಳು ಬಂದ ಮೇಲೆ ಒಂದೇ ಒಂದು ರಜೆ ತೆಗೆದುಕೊಂಡಿದ್ದಾಳೆ. ರಾತ್ರಿ ಹನ್ನೆರಡರ ಸರದಿ ನಾನು ಮಾಡುತ್ತೇನೆ, ಉಳಿದದ್ದು ಅವಳೇ.

ವಾರ್ಡ್ ಸಿಸ್ಟರ್
ಆ ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ಖರ್ಚಿನ ದೃಷ್ಟಿಯಿಂದಲೂ ಸರಿ. ಮಗ್ಗುಲು ತಪ್ಪಿದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ದಿನಾ ಮೈ ಒರೆಸುವಾಗ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಯಾಗಿ ಮತ್ತೆ ಕೆಂಪಾದರೆ ಭಯ ಇಲ್ಲ. ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಇರಬಹುದು, ಆ ಜಾಗ ಬಿಸಿ ಅಥವಾ ಗಟ್ಟಿ ಆಗಿದೆಯಾ ಎಂದು ಮುಟ್ಟಿ ನೋಡಿ. ಗಾಳಿ ತುಂಬುವ ಹಾಸಿಗೆ ಕೆಲವು ಸಾವಿರಕ್ಕೆ ಸಿಗುತ್ತದೆ, ತೆಗೆದುಕೊಳ್ಳಿ. ಆದರೆ ಹಾಸಿಗೆ ಇದೆ ಅಂತ ಮಗ್ಗುಲು ಬದಲಿಸುವುದು ಬಿಡಬೇಡಿ. ಆಳದ ಹುಣ್ಣಾದರೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್, ಜ್ವರ ಬಂದರೆ ಮತ್ತೆ ಅಡ್ಮಿಟ್. ಊಟವೂ ಅಷ್ಟೇ. ಮಲಗಿಸಿ ತಿನ್ನಿಸಬೇಡಿ. ನೆಟ್ಟಗೆ ಕೂರಿಸಿ ತಿನ್ನಿಸಿ, ಆಮೇಲೂ ಅರ್ಧ ಗಂಟೆ ಕೂರಲಿ. ಗಂಟಲಲ್ಲಿ ಇಳಿದ ಗಂಜಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವುದು ಇಂಥವರಲ್ಲಿ ಜಾಸ್ತಿ.

ಇನ್ನು ಮದ್ದು. ಹೆಪ್ಪುಗಟ್ಟದ ಮಾತ್ರೆ, ಕೊಲೆಸ್ಟ್ರಾಲ್, ಬಿಪಿ, ಇವನ್ನು ಒಂದು ದಿನವೂ ಬಿಡಬಾರದು. ಇವು ಜನೌಷಧಿ ಅಂಗಡಿಯಲ್ಲಿ ತುಂಬ ಕಡಿಮೆಗೆ ಸಿಗುತ್ತವೆ. ಡಾಕ್ಟರ ಹತ್ತಿರ ಬ್ರಾಂಡ್ ಹೆಸರು ಬಿಟ್ಟು ಮದ್ದಿನ ಹೆಸರು ಬರೆಸಿಕೊಳ್ಳಿ. ಸಿಟಿಕೋಲಿನ್ ವಿಷಯ ಬೇರೆ. ನಮ್ಮ ಕಡೆ ತುಂಬ ಬರೆಯುತ್ತಾರೆ, ಆದರೆ ದೊಡ್ಡ ಅಧ್ಯಯನದಲ್ಲಿ ಅದರಿಂದ ಲಾಭ ಕಂಡಿಲ್ಲ. ನೀವಾಗಿ ನಿಲ್ಲಿಸಬೇಡಿ. ಮುಂದಿನ ಸಲ ಹೋದಾಗ "ಇದು ಇನ್ನೂ ಬೇಕಾ" ಎಂದು ಕೇಳಿ. ಪ್ರೋಟೀನ್ ಪುಡಿಯನ್ನೂ ಕೇಳಿ. ಮೊಟ್ಟೆ, ಬೇಳೆ, ಮೀನು ತಿನ್ನುವವರಾದರೆ ಎಷ್ಟೋ ಸಲ ಡಬ್ಬ ಬೇಡ.

ಕರಂಗಲ್ಪಾಡಿ ರಾಯರು
ಟ್ಯಾಕ್ಸ್ ವಿನಾಯಿತಿ ಮರೆಯಬೇಡಿ. 80ಡಿಡಿಬಿ ಅಡಿ ಹಿರಿಯರ ಚಿಕಿತ್ಸೆಗೆ ಒಂದು ಲಕ್ಷದವರೆಗೆ ಸಿಗುತ್ತದೆ.

ಲೆಕ್ಕದವ
ರಾಯರೇ, ಅದು ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಮಾತ್ರ. ಆ ಪಟ್ಟಿಯಲ್ಲಿ ಪಾರ್ಕಿನ್ಸನ್, ಡಿಮೆನ್ಷಿಯಾ ಉಂಟು. ಸ್ಟ್ರೋಕಿನ ಲಕ್ವ ಇಲ್ಲ. ಇವರಿಗೆ ಹೊಂದುವುದು 80ಡಿಡಿ, ಅಂಗವೈಕಲ್ಯ ಪ್ರಮಾಣಪತ್ರದ ಮೇಲೆ 75,000, ತೀವ್ರ ಆದರೆ 1,25,000. ಎರಡೂ ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. ಇವರ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ. ಯಜಮಾನರು ತೆರಿಗೆ ಕಟ್ಟುವವರಾದರೂ ಮಾವನ ಲೆಕ್ಕಕ್ಕೆ ಇದು ಸಿಗುವುದಿಲ್ಲ. ಹಾಗಾಗಿ ಇವರ ಕೇಸಿನಲ್ಲಿ ಟ್ಯಾಕ್ಸ್ ವಿಷಯ ಸುಮ್ನೆ.

ಅದಕ್ಕಿಂತ ಅರ್ಜೆಂಟ್ ಇನ್ನೊಂದು. ಕಾಪು ಅವರೇ, ನಿಮ್ಮ ಗ್ರೂಪ್ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ ಮೇಲಿನ ಖರ್ಚು ಉಂಟಾ ನೋಡಿ. ಹೆಚ್ಚಿನ ಪಾಲಿಸಿಗಳಲ್ಲಿ 60 ದಿನ ಇರುತ್ತದೆ. ನಿಮಗೆ ಏಳು ವಾರ ಆಗಿದೆ ಎಂದಿರಿ. ಡಾಕ್ಟರು ಬರೆದ ಫಿಸಿಯೊ, ಮದ್ದು, ರಕ್ತ ಪರೀಕ್ಷೆ ಅದರಲ್ಲಿ ಬರಬಹುದು. ನರ್ಸ್, ಡಯಾಪರ್ ಸಾಮಾನ್ಯವಾಗಿ ಬರುವುದಿಲ್ಲ. ಫಿಸಿಯೊದವರಿಂದ ನೋಂದಣಿ ಸಂಖ್ಯೆ ಇರುವ ರಸೀದಿ ಬೇಕು, ಸುಮ್ನೆ ಚೀಟಿ ಆಗುವುದಿಲ್ಲ. ಬಿಲ್ ಕೊಡಲು ಕೊನೆಯ ದಿನ ಯಾವುದು ಎಂದು ನಾಳೆಯೇ ಕೇಳಿ.

ಕಾಪು ನಿವಾಸಿ
ಅಯ್ಯೋ, ಆಸ್ಪತ್ರೆಯ ಕ್ಲೈಮ್ ಮುಗಿಯಿತು, ಅಷ್ಟೇ ಅಂದುಕೊಂಡಿದ್ದೆ. ಮದ್ದಿನ ಬಿಲ್ ಎಲ್ಲಾ ಇದೆ. ಫಿಸಿಯೊದವರಿಗೆ ಗೂಗಲ್ ಪೇ ಮಾಡಿದ್ದೇನೆ, ರಸೀದಿ ಕೇಳುತ್ತೇನೆ.

ಇನ್ನೊಂದು ವಿಷಯ. ಅಪ್ಪನ ಹೆಸರಲ್ಲಿ ಆರು ಲಕ್ಷದ ಎಫ್‌ಡಿ ಉಂಟು. ಅಮ್ಮ ನಾಮಿನಿ. ಬಡ್ಡಿ ಅದಕ್ಕೇ ಸೇರುತ್ತದೆ. ಅಮ್ಮ ಅದನ್ನು ಮುಟ್ಟಬೇಡಿ ಎನ್ನುತ್ತಾರೆ. ಮುಟ್ಟಬೇಕಾದರೂ ಅಪ್ಪನಿಗೆ ಬಲಗೈಯಲ್ಲಿ ಸಹಿ ಬರುವುದಿಲ್ಲ.

ಬ್ಯಾಂಕಿನಲ್ಲಿದ್ದವ
ಅಮ್ಮಾ, ನಾಮಿನಿ ಅಂದರೆ ಅವರು ಹೋದ ಮೇಲೆ ಹಣ ಪಡೆಯುವವರು. ಅಪ್ಪ ಇರುವಾಗ ನಾಮಿನಿಗೆ ಆ ಹಣದ ಮೇಲೆ ಏನೂ ನಡೆಯುವುದಿಲ್ಲ. ಸಹಿ ಬಾರದಿದ್ದರೆ ಎಡಗೈ ಹೆಬ್ಬೆಟ್ಟು ಸಾಕು. ಎರಡು ಸಾಕ್ಷಿ ಬೇಕು, ಒಬ್ಬರು ಬ್ಯಾಂಕಿನವರೇ ಆಗಿರಬೇಕು. ಮ್ಯಾನೇಜರಿಗೆ ಪತ್ರ ಕೊಟ್ಟು ಮನೆಗೆ ಬರಲು ಕೇಳಿ. ನಾನೇ ಎಷ್ಟೋ ಮನೆಗೆ ಹೋಗಿದ್ದೇನೆ.

ಬಂದಾಗ ಒಂದೇ ಸಲಕ್ಕೆ ಎರಡು ಕೆಲಸ ಮಾಡಿಸಿ. ಎಫ್‌ಡಿ, ಉಳಿತಾಯ ಖಾತೆ ಎರಡಕ್ಕೂ ಅಮ್ಮನನ್ನೋ ನಿಮ್ಮನ್ನೋ ಜಂಟಿಯಾಗಿ ಸೇರಿಸಿ, ಯಾರಾದರೊಬ್ಬರು ತೆಗೆಯಬಹುದು ಎಂಬ ಷರತ್ತಿನಲ್ಲಿ. ಎಫ್‌ಡಿಯ ಬಡ್ಡಿ ತಿಂಗಳು ತಿಂಗಳು ಕೈಗೆ ಬರುವಂತೆ ಬದಲಿಸಿ. 7 ಶೇಕಡಾ ಹಿಡಿದರೆ ತಿಂಗಳಿಗೆ 3,500. ಅಸಲು ಮುಟ್ಟಿದ ಹಾಗೂ ಆಗುವುದಿಲ್ಲ, ಅಮ್ಮನವರಿಗೂ ಸಮಾಧಾನ.

ಇದನ್ನು ಈಗಲೇ ಮಾಡಿ. ಅಪ್ಪನಿಗೆ ಬುದ್ಧಿ ಸರಿ ಉಂಟು ಎಂದಿರಿ. ಇನ್ನೊಂದು ಸ್ಟ್ರೋಕ್ ಆಗಿ ತಿಳಿವಳಿಕೆ ಹೋದರೆ ಹೆಬ್ಬೆಟ್ಟಿಗೂ ಬೆಲೆ ಇಲ್ಲ. ಪವರ್ ಆಫ್ ಅಟಾರ್ನಿ ಮಾಡಿಟ್ಟರೆ ಸಾಕು ಎಂದು ಕೆಲವರು ಹೇಳುತ್ತಾರೆ. ಕೊಟ್ಟವರ ಬುದ್ಧಿ ಹೋದರೆ ಅದೂ ಬಿದ್ದುಹೋಗುತ್ತದೆ. ಆಮೇಲೆ ಹೈಕೋರ್ಟಿಗೆ ಹೋಗಿ ಗಾರ್ಡಿಯನ್ ಮಾಡಿಸಿಕೊಳ್ಳಬೇಕು.

ಕೊಲ್ಲಿಯಿಂದ
ಇಲ್ಲಿ ಎಲ್ಲರೂ ಅಣ್ಣನನ್ನು ಕಟಕಟೆಗೆ ಹತ್ತಿಸಿದ್ದಾರೆ. ನಾನೂ ಅಂಥದ್ದೇ ಅಣ್ಣ, ದಮಾಮ್‌ನಲ್ಲಿ ಇದ್ದೇನೆ. ರೂಮ್ ಬಾಡಿಗೆ, ಇಲ್ಲಿನ ಊಟ ಕಳೆದು ಹದಿನೈದು ಸಾವಿರ ಕಳಿಸುವುದೂ ಕಷ್ಟ ಇರಬಹುದು. ಅಕ್ಕ, ಅವನಿಗೆ ಈ ಲೆಕ್ಕ ಹಾಗೇ ಕಳಿಸಿ. ಜಗಳ ಮಾಡಬೇಡಿ. ನನಗೆ ನನ್ನ ತಂಗಿ "ನೀನು ಏನೂ ಮಾಡುವುದಿಲ್ಲ" ಎಂದಾಗ ಕೋಪ ಬಂತು. ತಿಂಗಳ ಖರ್ಚು ಬರೆದು ಕಳಿಸಿದಾಗ ಐದು ಸಾವಿರ ಜಾಸ್ತಿ ಹಾಕಿದೆ.

ಕಾಪು ನಿವಾಸಿ
ಕಳಿಸಿದೆ. ಓದಿದ್ದಾನೆ, ಉತ್ತರ ಇನ್ನೂ ಬಂದಿಲ್ಲ.

ವಾರ್ಡ್ ಸಿಸ್ಟರ್
ಒಂದು ಕೊನೆಯ ಮಾತು ಫಿಸಿಯೊ ಬಗ್ಗೆ. ಸ್ಟ್ರೋಕ್ ಆದ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಬೇಗ, ಆರು ತಿಂಗಳ ಮೇಲೆ ನಿಧಾನ. ಹಾಗಾಗಿ ಹಣ ಉಳಿಸಲು ಈಗ ಫಿಸಿಯೊ ಕಡಿಮೆ ಮಾಡಬೇಡಿ. ಮೂರು ತಿಂಗಳು ಆದ ಮೇಲೆ ಬೇಕಾದರೆ ವಾರಕ್ಕೆ ಮೂರು ಸಲಕ್ಕೆ ಇಳಿಸಿ, ಉಳಿದ ದಿನ ನರ್ಸ್ ಹುಡುಗಿ ಮಾಡಿಸಲಿ. ಅದಕ್ಕೆ ಈಗಿನಿಂದಲೇ ಅವಳನ್ನು ಫಿಸಿಯೊದವರ ಪಕ್ಕದಲ್ಲಿ ನಿಲ್ಲಿಸಿ ಕಲಿಸಿ. ಆರು ತಿಂಗಳ ಹೊತ್ತಿಗೆ ಅಪ್ಪ ಒಬ್ಬರ ಆಸರೆಯಲ್ಲಿ ಮಂಚದಿಂದ ಕುರ್ಚಿಗೆ ಬಂದರೆ, ರಾತ್ರಿ ತಾವೇ ಮಗ್ಗುಲು ಬದಲಿಸಿದರೆ, ಹಗಲಿಗೆ ಮಾತ್ರ ಬರುವವರು ಸಾಕು. ಬರದಿದ್ದರೆ ಈಗಿನ ಖರ್ಚೇ ಮುಂದುವರಿಯುತ್ತದೆ. ಎರಡಕ್ಕೂ ಬೇರೆ ಬೇರೆ ಲೆಕ್ಕ ಬರೆದಿಡಿ.

ಕಾಪು ನಿವಾಸಿ
ಈಗಿನ ಮಟ್ಟಿಗೆ ಹೀಗೆ ಅಂದುಕೊಂಡಿದ್ದೇನೆ. ಕೆಲಸ ಬಿಡುವುದಿಲ್ಲ. ಫಿಸಿಯೊ ಇನ್ನೂ ಕೆಲವು ವಾರ ಹಾಗೇ ಇರಲಿ. ನರ್ಸ್‌ಗೆ ತಿಂಗಳಿಗೆ ಎರಡು ರಜೆ, ಬದಲಿಗೆ 2,000 ಎತ್ತಿಡುತ್ತೇನೆ. ಎಫ್‌ಡಿ ಬಡ್ಡಿ ಬಂದರೆ ಅದು ಅಲ್ಲಿಗೆ ಸರಿಹೋಗುತ್ತದೆ. ಬ್ಯಾಂಕಿನವರಿಗೆ ಪತ್ರ ಬರೆದೆ. ಎಚ್‌ಆರ್ ಹೇಳಿದರು, 60 ದಿನದ ಖರ್ಚು ಪಾಲಿಸಿಯಲ್ಲಿ ಉಂಟು, ಫಿಸಿಯೊ ಒಪ್ಪುತ್ತಾರಾ ಕೇಳಿ ಹೇಳುತ್ತೇವೆ ಅಂತ.

ಒಂದು ಉಳಿಯಿತು. ನರ್ಸ್ ಯುಗಾದಿಗೆ ಹತ್ತು ದಿನ ಊರಿಗೆ ಹೋಗುತ್ತಾಳಂತೆ. ಆಗ ಎಂತ ಮಾಡುವುದು? ಕಂಪನಿಯಲ್ಲಿ ಮಾರ್ಚ್ ಕೊನೆಯ ಲೆಕ್ಕದ ಗಡಿಬಿಡಿ, ರಜೆ ಸಿಗುವುದು ಕಷ್ಟ.

ಬಾದಾಮಿ ಕಡೆಯವಳು
ಅಕ್ಕಾ, ಯುಗಾದಿಗೆ ನಮ್ಮ ಕಡೆಯವರು ಎಲ್ಲರೂ ಹೋಗುತ್ತೇವೆ, ಆವಾಗ ಏಜೆನ್ಸಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ಕೇರಳದ ಕಡೆಯವರು ಅಥವಾ ಕ್ರಿಶ್ಚಿಯನ್ ಅಕ್ಕಂದಿರು ಇರುವ ಏಜೆನ್ಸಿಗೆ ಒಂದು ತಿಂಗಳು ಮೊದಲೇ ಹೇಳಿಡಿ. ಹೊಸಬಳು ಹಳಬಳು ಹೋಗುವ ಹಿಂದಿನ ದಿನವೇ ಬರಲಿ. ಅಪ್ಪಾಜಿಯನ್ನು ಹೇಗೆ ಎತ್ತುವುದು, ಯಾವ ಹೊತ್ತಿಗೆ ಯಾವ ಮಾತ್ರೆ ಅಂತ ಇಬ್ಬರೂ ಕೂಡಿ ಒಂದು ದಿನ ಮಾಡಲಿ. ಆ ಒಂದು ದಿನ ಇಬ್ಬರಿಗೂ ದುಡ್ಡು ಕೊಡಬೇಕಾಗುತ್ತದೆ.

ಕಾಪು ನಿವಾಸಿ
ಆಯಿತು. ಇಬ್ಬರ ದುಡ್ಡೂ ಬರೆದುಕೊಂಡೆ. ಶಿರ್ವ, ಕಟಪಾಡಿ ಕಡೆ ಅಂಥ ಏಜೆನ್ಸಿ ಯಾರಿಗಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ.